ಲೇತ್ ಶೆಡ್ಡಿನಲ್ಲಿ ದಿನಗೂಲಿ, ಪೀಸ್ ರೇಟ್, ಪ್ರೀಮಿಯಂ ಬೋನಸ್: ಒಂದು ಪೀಸಿಗೆ ಬೀಳುವ ಕೂಲಿಯನ್ನು ಹೇಗೆ ಲೆಕ್ಕ ಹಾಕಬೇಕು?

ಮಾಚೇನಹಳ್ಳಿ_ಲೇತ್

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ಸುತ್ತಲಿನ ಫೌಂಡ್ರಿಗಳಿಂದ ಬರುವ ಪಂಪ್ ಕೇಸಿಂಗಿನ ಎರಕಗಳಿಗೆ ಲೇತ್‌ನಲ್ಲಿ ಫೇಸಿಂಗ್ ಮತ್ತು ಬೋರಿಂಗ್ ಮಾಡಿಕೊಡುವುದು ನಮ್ಮ ಮುಖ್ಯ ಕೆಲಸ. ಆಪರೇಟರ್‌ಗಳಿಗೆ ಗಂಟೆಗೆ 80 ರೂಪಾಯಿಯಂತೆ, ಎಂಟು ಗಂಟೆಯ ಪಾಳಿಗೆ 640 ರೂಪಾಯಿ ಕೊಡುತ್ತಿದ್ದೇನೆ. ಒಂದು ಪೀಸಿಗೆ ಅರ್ಧ ಗಂಟೆ ಹಿಡಿದರೆ ದಿನಕ್ಕೆ 16 ಪೀಸು ಆಗಬೇಕು, ಅಂದರೆ ಪೀಸಿಗೆ 40 ರೂಪಾಯಿ ಕೂಲಿ ಬೀಳುತ್ತದೆ. ಆದರೆ ಕೆಲವು ದಿನ 12 ಪೀಸಿಗೇ ಪಾಳಿ ಮುಗಿದುಹೋಗುತ್ತದೆ. ಆ ದಿನ ಅದೇ ಪೀಸಿನ ಕೂಲಿ 53 ರೂಪಾಯಿ ದಾಟುತ್ತದೆ, ಫೌಂಡ್ರಿಯವರು ನನಗೆ ಕೊಡುವ ದರವಂತೂ ಬದಲಾಗುವುದಿಲ್ಲ.

ಪೀಸಿಗೆ 40 ರೂಪಾಯಿ ಎಂದು ನೇರವಾಗಿ ಪೀಸ್ ರೇಟ್ ಗೊತ್ತುಮಾಡಬೇಕೆಂದು ಒಬ್ಬರು ಸಲಹೆ ಕೊಟ್ಟರು. ದಿನಗೂಲಿಯನ್ನು ಹಾಗೆಯೇ ಉಳಿಸಿ, ಆಪರೇಟರ್ ಉಳಿಸಿದ ಸಮಯದಲ್ಲಿ ಅವನಿಗೂ ಪಾಲು ಕೊಡುವ ಪ್ರೀಮಿಯಂ ಬೋನಸ್ ಪದ್ಧತಿ ಒಳ್ಳೆಯದೆಂದು ಇನ್ನೊಬ್ಬರು ಹೇಳಿದರು. ಈ ಮೂರರಲ್ಲಿ ಪೀಸಿನ ಮೇಲಿನ ಕೂಲಿ ಹೇಗೆ ವ್ಯತ್ಯಾಸವಾಗುತ್ತದೆ ಎಂಬುದನ್ನು ಅನುಭವಸ್ಥರು ಬಿಡಿಸಿ ಹೇಳಬೇಕಾಗಿ ಕೋರುತ್ತೇನೆ.

ವಾಣಿಜ್ಯ_ಸಾಗರ

ನಾನು ಸಾಗರದಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ಪರಿವ್ಯಯ ಲೆಕ್ಕಶಾಸ್ತ್ರ ಕಲಿಸುತ್ತೇನೆ. ಪೀಸ್ ರೇಟ್‌ನಲ್ಲಿ ಆಪರೇಟರ್ ಎಷ್ಟೇ ಬೇಗ ಮಾಡಿದರೂ ಒಂದು ಪೀಸಿನ ಕೂಲಿ 40 ರೂಪಾಯಿಯಾಗಿಯೇ ಇರುತ್ತದೆ. ಆದ್ದರಿಂದ ವೇಗ ಹೆಚ್ಚಿದ ಲಾಭವೆಲ್ಲ ಕೆಲಸಗಾರನಿಗೇ ಸೇರುತ್ತದೆ, ಮಾಲೀಕರಿಗೆ ಅದರಿಂದ ಏನೂ ಉಳಿಯುವುದಿಲ್ಲ. ಪ್ರೀಮಿಯಂ ಬೋನಸ್ಸಿನಲ್ಲಿ ಎರಡು ಪ್ರಸಿದ್ಧ ಯೋಜನೆಗಳಿವೆ. ಅಮೆರಿಕದ ಎಂಜಿನಿಯರ್ ಹಾಲ್ಸೆ 1891ರಲ್ಲಿ ಮಂಡಿಸಿದ ಯೋಜನೆಯಲ್ಲಿ ಉಳಿದ ಸಮಯದ ಕೂಲಿಯ ಒಂದು ಗೊತ್ತಾದ ಭಾಗ, ಈಗ ರೂಢಿಯಲ್ಲಿರುವಂತೆ ಸಾಮಾನ್ಯವಾಗಿ ಅರ್ಧ, ಕೆಲಸಗಾರನಿಗೆ ಸಿಗುತ್ತದೆ. ಕೆಲ ವರ್ಷಗಳ ಬಳಿಕ ಗ್ಲಾಸ್ಗೋದಲ್ಲಿ ರೋವನ್ ಜಾರಿಗೆ ತಂದ ಯೋಜನೆಯಲ್ಲಿ, ನಿಗದಿತ ಸಮಯದ ಶೇಕಡಾ ಎಷ್ಟು ಉಳಿಯಿತೋ, ದುಡಿದ ಗಂಟೆಗಳ ಕೂಲಿಯ ಮೇಲೆ ಶೇಕಡಾ ಅಷ್ಟೇ ಬೋನಸ್ ಸೇರುತ್ತದೆ. ರೋವನ್ ಯೋಜನೆ ಯಾವಾಗಲೂ ಕೆಲಸಗಾರನಿಗೆ ಹೆಚ್ಚು ಹಣ ಕೊಡುವುದರಿಂದ ಅದನ್ನೇ ಆರಿಸಿಕೊಳ್ಳಬಹುದು.

ಹೊಸನಗರ_ಅಂಗಡಿ

ಬೋನಸ್ ಎಂದರೆ ಕೊಟ್ಟೇ ತೀರಬೇಕಾದದ್ದಲ್ಲವೇ? ನಮ್ಮ ತಮ್ಮನ ಕಾರ್ಖಾನೆಯಲ್ಲಿ ದೀಪಾವಳಿಗೆ ಮೊದಲು ವರ್ಷದ ಸಂಬಳದ ಮೇಲೆ ಶೇಕಡಾ 8.33ರಂತೆ ಕೊಡುತ್ತಾರೆ. ಅದನ್ನು ಪೀಸಿನ ಲೆಕ್ಕಕ್ಕೆ ಕಟ್ಟಿಹಾಕಿದರೆ ಕೆಲಸಗಾರರಿಗೆ ಅನ್ಯಾಯವಾಗುತ್ತದೆ.

ಭದ್ರಾವತಿ_ಕಾಸ್ಟಿಂಗ್

ಹೊಸನಗರದವರು ಹೇಳುವ ವಾರ್ಷಿಕ ಬೋನಸ್ಸೇ ಬೇರೆ. ಕಾನೂನಿನ ಪ್ರಕಾರ ಕೊಡಬೇಕಾದ ಆ ಮೊತ್ತವನ್ನು ಈ ಯೋಜನೆಯ ಹೆಸರಿನಲ್ಲಿ ತಪ್ಪಿಸುವಂತಿಲ್ಲ. ಇಲ್ಲಿ ಚರ್ಚೆಯಲ್ಲಿರುವುದು ದಿನದ ಅಥವಾ ವಾರದ ಕೆಲಸದಲ್ಲಿ ಉಳಿದ ಸಮಯದ ಪಾಲು. ಭದ್ರಾವತಿಯ ಕಾರ್ಖಾನೆಯೊಂದರ ಪರಿವ್ಯಯ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಹಾಗಾಗಿ ಮಾಚೇನಹಳ್ಳಿಯವರು ಕೊಟ್ಟ ಅಂಕಿಗಳ ಮೇಲೆಯೇ ಲೆಕ್ಕ ಬಿಡಿಸುತ್ತೇನೆ.

ಒಬ್ಬ ಆಪರೇಟರ್ ಎಂಟು ಗಂಟೆಯಲ್ಲಿ 20 ಪೀಸು ಮಾಡಿದನೆಂದುಕೊಳ್ಳಿ. ಪೀಸಿಗೆ ಅರ್ಧ ಗಂಟೆಯಂತೆ ಅಷ್ಟು ಕೆಲಸಕ್ಕೆ ಹತ್ತು ಗಂಟೆ ನಿಗದಿಯಾಗಿತ್ತು, ಎರಡು ಗಂಟೆ ಉಳಿಯಿತು. ಬರೀ ದಿನಗೂಲಿಯಾದರೆ ಅವನಿಗೆ 640 ರೂಪಾಯಿ, ಪೀಸಿಗೆ 32. ಪೀಸ್ ರೇಟಾದರೆ ಅವನಿಗೆ 800, ಪೀಸಿಗೆ 40. ಹಾಲ್ಸೆ ಪದ್ಧತಿಯಲ್ಲಿ ಉಳಿದ ಎರಡು ಗಂಟೆಯ ಕೂಲಿ 160ರಲ್ಲಿ ಅರ್ಧ, ಅಂದರೆ 80 ರೂಪಾಯಿ ಸೇರಿ 720 ಆಗುತ್ತದೆ, ಪೀಸಿಗೆ 36 ಬೀಳುತ್ತದೆ. ರೋವನ್ ಪದ್ಧತಿಯಲ್ಲಿ ಹತ್ತರಲ್ಲಿ ಎರಡು ಗಂಟೆ, ಅಂದರೆ ಶೇಕಡಾ 20 ಉಳಿದದ್ದರಿಂದ 640ರ ಮೇಲೆ 128 ಸೇರಿ 768 ಆಗುತ್ತದೆ, ಪೀಸಿಗೆ 38 ರೂಪಾಯಿ 40 ಪೈಸೆ.

ಕಾಗದದ ಮೇಲೆ ದಿನಗೂಲಿಯೇ ಅಗ್ಗವಾಗಿ ಕಾಣುತ್ತದೆ. ಆದರೆ ದಿನಗೂಲಿಯಲ್ಲಿ 20 ಪೀಸು ಮಾಡುವುದರಿಂದ ಆಪರೇಟರ್‌ಗೆ ಒಂದು ಪೈಸೆಯೂ ಹೆಚ್ಚು ಸಿಗುವುದಿಲ್ಲವಾದ್ದರಿಂದ ಆ 32 ರೂಪಾಯಿ ಅಪರೂಪಕ್ಕೊಮ್ಮೆ ಬರುತ್ತದೆಯೇ ಹೊರತು ಅದನ್ನು ನೆಚ್ಚಿಕೊಂಡು ದರ ಹೇಳಲಾಗುವುದಿಲ್ಲ.

ಸಾಗರದ ಮೇಡಂ ಹೇಳಿದ ಎರಡು ಮಾತುಗಳನ್ನು ಸ್ವಲ್ಪ ತಿದ್ದಬೇಕಾಗಿದೆ. ರೋವನ್ ಬೋನಸ್ ಹೆಚ್ಚಿರುವುದು ನಿಗದಿತ ಸಮಯದ ಅರ್ಧದಷ್ಟು ಉಳಿಯುವವರೆಗೆ ಮಾತ್ರ. ದಿನಕ್ಕೆ 32 ಪೀಸಾದಾಗ ಎರಡೂ ಪದ್ಧತಿಯಲ್ಲಿ 960 ರೂಪಾಯಿಯೇ ಬರುತ್ತದೆ. ಅದನ್ನು ದಾಟಿ 40 ಪೀಸಾದರೆ ಹಾಲ್ಸೆಯಲ್ಲಿ 1,120, ರೋವನ್‌ನಲ್ಲಿ 1,024. ಎಷ್ಟೇ ಉಳಿಸಿದರೂ ರೋವನ್ ಪದ್ಧತಿಯಲ್ಲಿ ಸಂಪಾದನೆ ದಿನಗೂಲಿಯ ಎರಡರಷ್ಟನ್ನು ಮುಟ್ಟುವುದೇ ಇಲ್ಲ. ನಿಗದಿತ ಸಮಯವನ್ನು ಸಡಿಲವಾಗಿ ಗೊತ್ತುಮಾಡಿಬಿಟ್ಟ ಮಾಲೀಕನಿಗೆ ಅದೊಂದು ರಕ್ಷಣೆ. ಹಾಗಿದ್ದರೂ ಲೇತ್ ಕೆಲಸದಲ್ಲಿ ಅರ್ಧ ಸಮಯ ಉಳಿಯುವುದು ಬಹಳ ಕಷ್ಟ. ಟೂಲು ಕಡಿಯುವ ಹೊತ್ತನ್ನು ಸ್ಪೀಡು ಮತ್ತು ಫೀಡು ನಿರ್ಧರಿಸುತ್ತವೆ, ಆಪರೇಟರ್‌ನ ಚುರುಕುತನ ನಡೆಯುವುದು ಪೀಸು ಹತ್ತಿಸಿ ಇಳಿಸುವುದರಲ್ಲಿ, ಅಳತೆ ನೋಡುವುದರಲ್ಲಿ ಮತ್ತು ಟೂಲು ಬದಲಿಸುವುದರಲ್ಲಿ. ಆದ್ದರಿಂದ ನಮ್ಮ ಊರಿನ ಶೆಡ್ಡುಗಳ ಮಟ್ಟಿಗೆ ಮೇಡಂ ಮಾತು ಬಹುತೇಕ ನಡೆಯುತ್ತದೆ.

ಎರಡನೆಯದು, ಪೀಸ್ ರೇಟ್‌ನಲ್ಲಿ ಮಾಲೀಕನಿಗೆ ಏನೂ ಉಳಿಯುವುದಿಲ್ಲ ಎಂಬುದು. ಶೆಡ್ಡಿನ ಬಾಡಿಗೆ, ಲೇತ್ ಸಾಲದ ಕಂತು ಮತ್ತು ಮೇಲ್ವಿಚಾರಕರ ಸಂಬಳ ಸೇರಿ ಒಂದು ಲೇತ್ ಮೇಲೆ ದಿನಕ್ಕೆ 960 ರೂಪಾಯಿ ಬೀಳುತ್ತದೆಂದು ಹಿಡಿಯೋಣ. ಎಷ್ಟು ಪೀಸಾದರೂ ಈ ಮೊತ್ತ ಬದಲಾಗುವುದಿಲ್ಲ. 16 ಪೀಸಿಗೆ ಹಂಚಿದರೆ ತಲಾ 60, 20 ಪೀಸಿಗೆ ಹಂಚಿದರೆ ತಲಾ 48. ಕೂಲಿ 40ರಲ್ಲೇ ನಿಂತರೂ ಒಟ್ಟು ವೆಚ್ಚ ನೂರರಿಂದ 88ಕ್ಕೆ ಇಳಿಯಿತು. ಹಾಲ್ಸೆಯಲ್ಲಾದರೆ 36 ಮತ್ತು 48 ಸೇರಿ 84. ಇಳಿದ 16 ರೂಪಾಯಿಯಲ್ಲಿ ಕೂಲಿಯಿಂದ ಬಂದದ್ದು ನಾಲ್ಕು ಮಾತ್ರ, ಉಳಿದ ಹನ್ನೆರಡು ಬಂದದ್ದು ಮೇಲಿನ ಖರ್ಚು ಹೆಚ್ಚು ಪೀಸಿಗೆ ಹರಡಿದ್ದರಿಂದ. ಆದ್ದರಿಂದ ಆಪರೇಟರ್‌ನ ಪಾಲಿನಲ್ಲಿ ಐದು ಹತ್ತು ರೂಪಾಯಿ ಹಿಡಿದುಕೊಂಡು ಅವನ ಉತ್ಸಾಹ ತಗ್ಗಿಸುವುದು ಮಾಲೀಕನಿಗೇ ನಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಒಂದೇ ಷರತ್ತು, ಹೆಚ್ಚಾದ ನಾಲ್ಕು ಪೀಸಿಗೆ ಫೌಂಡ್ರಿಯಿಂದ ಆರ್ಡರ್ ಇರಬೇಕು. ಆರ್ಡರ್ ಇಲ್ಲದೆ ಲೇತ್ ಬೇಗ ಖಾಲಿಯಾದರೆ ಮೇಲಿನ ಖರ್ಚು ಎಲ್ಲಿಯೂ ಹರಡುವುದಿಲ್ಲ, ಕೊಟ್ಟ ಬೋನಸ್ ಮಾತ್ರ ಲೆಕ್ಕದಲ್ಲಿ ನಿಲ್ಲುತ್ತದೆ.

ಪೀಸ್ ರೇಟ್ ಬಗ್ಗೆ ಇನ್ನೊಂದು ಮಾತು. 12 ಪೀಸು ಮಾಡಿದ ದಿನ 480 ರೂಪಾಯಿ ಮಾತ್ರ ಕೊಟ್ಟು ಕಳಿಸಿದಾಗ ಅದು ಆ ಕೆಲಸಕ್ಕೆ ಗೊತ್ತಾದ ದಿನದ ಕನಿಷ್ಠ ವೇತನಕ್ಕಿಂತ ಕೆಳಗಿಳಿದರೆ ಕಾನೂನು ಒಪ್ಪುವುದಿಲ್ಲ. ಹಾಗಾಗಿ ಪೀಸ್ ರೇಟ್‌ನಲ್ಲಿಯೂ ಕೆಳಗಿನ ಒಂದು ಭರವಸೆ ಇರಲೇಬೇಕು.

ಮಾಚೇನಹಳ್ಳಿಯವರಿಗೆ ನನ್ನದೊಂದು ಪ್ರಶ್ನೆ. ಪೀಸಿಗೆ ಅರ್ಧ ಗಂಟೆ ಎಂಬುದನ್ನು ಗಡಿಯಾರ ಹಿಡಿದು ಅಳೆದಿರಾ, ಇಲ್ಲವೇ ಹಳೆಯ ರಿಜಿಸ್ಟರಿನ ಸರಾಸರಿಯೇ? ಈ ಎಲ್ಲ ಲೆಕ್ಕವೂ ಅದರ ಮೇಲೆ ನಿಂತಿದೆ.

ತುಂಗಾ_ಆಪರೇಟರ್

ನಾನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಲೇತ್ ನಡೆಸುವವನು. ಲೆಕ್ಕ ಸರಿಯಾಗಿದೆ, ಆದರೆ ಯಂತ್ರದ ಮುಂದೆ ನಿಂತವರಿಗೆ ಅದು ಹೇಗೆ ಕಾಣುತ್ತದೆ ಎಂಬುದನ್ನೂ ಹೇಳಬೇಕೆನಿಸಿತು. ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಕಡೆ ಇದೇ ರೀತಿ ಸಮಯ ಗೊತ್ತುಮಾಡಿ ಬೋನಸ್ ಶುರು ಮಾಡಿದರು. ಮೂರನೆಯ ತಿಂಗಳು ನಮ್ಮ ಕೈಗೆ ಚೆನ್ನಾಗಿ ಹಣ ಬರತೊಡಗಿದಾಗ, ಸಮಯ ಜಾಸ್ತಿ ಕೊಟ್ಟುಬಿಟ್ಟಿದ್ದೇವೆಂದು ಹೇಳಿ ಅದನ್ನು ಕಡಿತ ಮಾಡಿದರು. ಆಮೇಲೆ ಇಡೀ ಶೆಡ್ಡಿನಲ್ಲಿ ಯಾರೂ ಒಂದು ಮಿತಿಗಿಂತ ಮೇಲೆ ಪೀಸು ತೋರಿಸಲಿಲ್ಲ. ಹೊಸದಾಗಿ ಬಂದ ಹುಡುಗ ಬೇಗ ಬೇಗ ಮಾಡಿದರೆ ಹಳಬರೇ ಅವನನ್ನು ಕರೆದು ನಿಧಾನಿಸಲು ಹೇಳುತ್ತಿದ್ದರು. ಮಾಲೀಕರು ಇದನ್ನು ಕಂಡುಹಿಡಿಯುವುದು ಸುಲಭ: ಬೇರೆ ಬೇರೆ ಕೈಚಳಕದ ಆಪರೇಟರ್‌ಗಳೆಲ್ಲರೂ ಪ್ರತಿದಿನ ಒಂದೇ ಸಂಖ್ಯೆಯ ಪೀಸು ಬರೆಸುತ್ತಿದ್ದರೆ ಅಲ್ಲಿ ನಂಬಿಕೆ ಹೋಗಿದೆ ಎಂದರ್ಥ.

ಹಾಲ್ಸೆ ಮತ್ತು ರೋವನ್ ನಡುವೆ ಕೇಳಿದರೆ ನನಗೆ ಮೊದಲನೆಯದೇ ಸರಿ. ಎರಡು ಗಂಟೆ ಉಳಿಸಿದರೆ ಒಂದು ಗಂಟೆಯ ಕೂಲಿ ಹೆಚ್ಚು ಎಂಬುದನ್ನು ನಾನು ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಬಲ್ಲೆ. ಶೇಕಡಾವಾರು ಲೆಕ್ಕವನ್ನು ಆಫೀಸಿನವರು ಹೇಳಿದ್ದೇ ಸರಿಯೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ತೀರ್ಥಹಳ್ಳಿ_ತೋಟ

ನಮ್ಮಲ್ಲಿ ಹಸಿ ಅಡಿಕೆ ಸುಲಿಯುವವರಿಗೆ ತೂಕದ ಮೇಲೆ ಕೂಲಿ ಕೊಡುವ ರೂಢಿ ಇದೆ. ಕೊಯ್ಲಿನ ಹೊತ್ತಿನಲ್ಲಿ ರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಾರೆ. ಬೇಗ ಸುಲಿದರೆ ಬೇಗ ಬೇಯಿಸಬಹುದು, ಅಡಿಕೆ ಕೆಡುವುದಿಲ್ಲ. ಹಾಗಾದರೆ ನಾವೂ ದಿನಗೂಲಿಗೆ ತಿರುಗಿ, ಉಳಿದ ಸಮಯಕ್ಕೆ ಬೋನಸ್ ಕೊಟ್ಟರೆ ಕೆಜಿ ಮೇಲಿನ ಕೂಲಿ ಕಡಿಮೆಯಾಗುತ್ತದೆಯೇ?

ಭದ್ರಾವತಿ_ಕಾಸ್ಟಿಂಗ್

ತೋಟದವರಿಗೆ ನನ್ನ ಸಲಹೆ, ಈಗಿರುವ ತೂಕದ ದರವನ್ನೇ ಮುಂದುವರಿಸಿ. ಸುಲಿಯುವವರಿಗೆ ನೀವು ಒದಗಿಸುವುದು ಜಾಗ, ಕತ್ತಿ ಮತ್ತು ದೀಪ ಮಾತ್ರ. ಅವರು ನಿಧಾನಿಸಿದರೆ ಸಾಲ ತಂದು ಇಟ್ಟ ಯಾವ ಯಂತ್ರವೂ ಖಾಲಿ ನಿಲ್ಲುವುದಿಲ್ಲ, ಹಾಗಾಗಿ ಹರಡಬೇಕಾದ ಮೇಲಿನ ಖರ್ಚೂ ಅಷ್ಟಾಗಿ ಇಲ್ಲ. ಜೊತೆಗೆ ಅವರು ಬರುವ ಹೋಗುವ ಹೊತ್ತು, ನಡುವೆ ಎದ್ದು ಮನೆಕೆಲಸ ನೋಡಿ ಬರುವ ಹೊತ್ತು ಎಲ್ಲವನ್ನೂ ಬರೆದಿಡಲು ಒಬ್ಬರನ್ನು ಕೂರಿಸಿದರೆ ಬೋನಸ್ಸಿನಿಂದ ಉಳಿದದ್ದು ಅವರ ಕೂಲಿಗೇ ಹೋಗುತ್ತದೆ. ತೂಕ ಹಾಕುವಾಗ ಕತ್ತಿ ತಾಗಿ ಗಾಯವಾದ ಅಡಿಕೆಯನ್ನು ಬೇರೆ ನೋಡಿದರೆ ಸಾಕು.

ಆ ಗಾಯದ ಅಡಿಕೆಯ ವಿಷಯ ಲೇತ್‌ಗೂ ಅನ್ವಯಿಸುತ್ತದೆ. ಹಾಲ್ಸೆ ಪದ್ಧತಿಯಲ್ಲಿ 20 ಪೀಸಿಗೆ 720 ರೂಪಾಯಿ ಕೊಟ್ಟೆವು. ಮರುದಿನ ಅದರಲ್ಲಿ ಎರಡು ಪೀಸಿನ ಬೋರು ಅಳತೆ ಮೀರಿ ರಿಜೆಕ್ಟಾದರೆ, ಒಳ್ಳೆಯ ಪೀಸು 18 ಮಾತ್ರ. 720ನ್ನು 18ರಿಂದ ಭಾಗಿಸಿದರೆ ಪೀಸಿಗೆ ಮತ್ತೆ 40 ರೂಪಾಯಿ! ಎರಡೇ ಪೀಸಿನಿಂದ ಕೂಲಿಯ ಉಳಿತಾಯವೆಲ್ಲ ಹೋಯಿತು, ಎರಕದ ಬೆಲೆ ಬೇರೆ. ಪರೀಕ್ಷೆಯಲ್ಲಿ ಪಾಸಾದ ಪೀಸನ್ನು ಮಾತ್ರ ಎಣಿಸಿದ್ದರೆ ನಿಗದಿತ ಸಮಯ ಒಂಬತ್ತು ಗಂಟೆ, ಉಳಿದದ್ದು ಒಂದು ಗಂಟೆ, ಬೋನಸ್ 40 ರೂಪಾಯಿ, ಒಳ್ಳೆಯ ಪೀಸಿನ ಕೂಲಿ 37 ರೂಪಾಯಿ 78 ಪೈಸೆ ಆಗುತ್ತಿತ್ತು. ಆದ್ದರಿಂದ ಬೋನಸ್ ಲೆಕ್ಕ ಮುಗಿಯಬೇಕಾದದ್ದು ತಪಾಸಣೆಯ ನಂತರ. ಫೀಡು ಏರಿಸಿ ಓಡಿಸುತ್ತಿದ್ದಾರೆಯೇ ಎಂಬುದು ಪೀಸಿಗಿಂತ ಮೊದಲು ಸ್ಟೋರಿನಲ್ಲಿ ಗೊತ್ತಾಗುತ್ತದೆ. ನೂರು ಪೀಸಿಗೆ ಖರ್ಚಾಗುವ ಇನ್ಸರ್ಟುಗಳ ಸಂಖ್ಯೆಯನ್ನು ಬೋನಸ್ ಶುರುವಾಗುವ ಮೊದಲು ಬರೆದಿಟ್ಟುಕೊಂಡು, ಆಮೇಲೆ ಹೋಲಿಸಿ ನೋಡಿ.

ತುಂಗಾ_ಆಪರೇಟರ್

ಪಾಸಾದ ಪೀಸು ಮಾತ್ರ ಎಣಿಸುವುದಾದರೆ ಒಂದು ಸಂಗತಿ ಗಮನಿಸಬೇಕು. ಎರಕದ ಒಳಗೆ ಗಾಳಿತೂತು ಇದ್ದರೆ ಅದು ಹೊರಗೆ ಕಾಣುವುದಿಲ್ಲ. ಬೋರಿಂಗ್ ಅರ್ಧ ಆದಮೇಲೆ ತೂತು ತೆರೆದುಕೊಳ್ಳುತ್ತದೆ. ಅದು ಫೌಂಡ್ರಿಯ ದೋಷ, ನಾನು ಕಳೆದುಕೊಂಡದ್ದು ಇಪ್ಪತ್ತು ನಿಮಿಷ. ಆ ಪೀಸನ್ನು ನನ್ನ ಲೆಕ್ಕದಿಂದ ತೆಗೆದುಹಾಕುವುದು ಹೇಗೆ ನ್ಯಾಯ?

ಭದ್ರಾವತಿ_ಕಾಸ್ಟಿಂಗ್

ಖಂಡಿತ ನ್ಯಾಯವಲ್ಲ. ಗಾಳಿತೂತಿನಿಂದ ಹೋದ ಪೀಸಿನ ಮೇಲೆ ಕಳೆದ ಸಮಯವನ್ನು ಜಾಬ್ ಕಾರ್ಡಿನಲ್ಲಿ ಪ್ರತ್ಯೇಕವಾಗಿ ಬರೆದು ಮೇಲ್ವಿಚಾರಕರ ಸಹಿ ಹಾಕಿಸಬೇಕು. ಕರೆಂಟು ಹೋದ ಹೊತ್ತಿಗೂ ಅದೇ ಕ್ರಮ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ಗಂಟೆ ಕರೆಂಟು ಇಲ್ಲವಾಯಿತೆಂದುಕೊಳ್ಳಿ. ಆಪರೇಟರ್ ಆರು ಗಂಟೆಯಲ್ಲಿ 14 ಪೀಸು ಮಾಡಿದ. ಅದಕ್ಕೆ ನಿಗದಿಯಾದದ್ದು ಏಳು ಗಂಟೆ. ಪಾಳಿಯ ಎಂಟು ಗಂಟೆಯನ್ನು ಹಿಡಿದರೆ ಅವನು ಏನೂ ಉಳಿಸಿಲ್ಲ, ನಿಜವಾಗಿ ದುಡಿದ ಆರು ಗಂಟೆಯನ್ನು ಹಿಡಿದರೆ ಒಂದು ಗಂಟೆ ಉಳಿಸಿದ್ದಾನೆ, 40 ರೂಪಾಯಿ ಅವನಿಗೆ ಸಲ್ಲಬೇಕು. ಖಾಲಿ ಕೂತ ಎರಡು ಗಂಟೆಯ 160 ರೂಪಾಯಿಯನ್ನು ಅವನಿಗೆ ಕೊಡಬೇಕು, ಆದರೆ ಪೀಸಿನ ಕೂಲಿಗೆ ಸೇರಿಸದೆ ಶೆಡ್ಡಿನ ಮೇಲಿನ ಖರ್ಚಿಗೆ ಹಾಕಬೇಕು. ಹಾಗೆ ಮಾಡಿದಾಗ ಪೀಸಿನ ಕೂಲಿ 520ನ್ನು 14ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 37 ರೂಪಾಯಿ. ಎಲ್ಲವನ್ನೂ ಕೂಡಿಸಿ 680 ಮಾಡಿ 14ರಿಂದ ಭಾಗಿಸಿದರೆ 48 ದಾಟುತ್ತದೆ. ಆಗ ಮಾಲೀಕರು ಮಳೆಯ ತಪ್ಪನ್ನು ಆಪರೇಟರ್‌ನಲ್ಲಿ ಹುಡುಕುತ್ತಾರೆ.

ಇದರಿಂದ ಇನ್ನೊಂದು ಬಗೆಯ ತೊಂದರೆ ಹುಟ್ಟುತ್ತದೆ. ಬೋನಸ್ಸನ್ನು ಪ್ರತಿ ಕೆಲಸಕ್ಕೂ ಬೇರೆ ಬೇರೆಯಾಗಿ ಕಟ್ಟಿದರೆ, ನಷ್ಟವಾದ ಕೆಲಸದಲ್ಲಿ ದಿನಗೂಲಿಯ ಭರವಸೆ ಇದ್ದೇ ಇರುತ್ತದೆ. ಐದು ಗಂಟೆಯ ಕೆಲಸ ನಾಲ್ಕರಲ್ಲಿ ಮುಗಿಯಿತು, ಮೂರು ಗಂಟೆಯ ಇನ್ನೊಂದು ಕೆಲಸ ನಾಲ್ಕು ಹಿಡಿಯಿತು ಎಂದುಕೊಳ್ಳಿ. ಒಟ್ಟಿನಲ್ಲಿ ಒಂದು ನಿಮಿಷವೂ ಉಳಿದಿಲ್ಲ, ಆದರೂ ಮೊದಲನೆಯದಕ್ಕೆ 40 ರೂಪಾಯಿ ಬೋನಸ್ ಬರುತ್ತದೆ. ಕಾರ್ಡಿನಲ್ಲಿ ಮೊದಲನೆಯದಕ್ಕೆ ಮೂರು, ಎರಡನೆಯದಕ್ಕೆ ಐದು ಗಂಟೆ ಎಂದು ಬರೆಸಿದರೆ ಅದು 80 ಆಗುತ್ತದೆ. ಕೆಲವು ಕೆಲಸ ಸದಾ ಬಹಳ ಬೇಗ, ಕೆಲವು ಸದಾ ಬಹಳ ತಡ ಎಂದು ಕಾರ್ಡುಗಳು ತೋರಿಸತೊಡಗಿದರೆ ಈ ಅನುಮಾನ ಪಡಬೇಕು. ವಾರದ ಎಲ್ಲ ಕೆಲಸಗಳ ನಿಗದಿತ ಸಮಯವನ್ನೂ ಹಿಡಿದ ಸಮಯವನ್ನೂ ಕೂಡಿಸಿ ಒಮ್ಮೆ ಬೋನಸ್ ಕಟ್ಟುವುದು ಇದಕ್ಕೆ ನನಗೆ ಗೊತ್ತಿರುವ ಸರಳ ಉಪಾಯ.

ವಾಣಿಜ್ಯ_ಸಾಗರ

ಅರ್ಧ ಸಮಯದ ಗಡಿಯ ಬಗ್ಗೆ ತಾವು ಹೇಳಿದ್ದು ಸರಿ. ಆದರೆ ವಾರದ ಒಟ್ಟು ಲೆಕ್ಕವನ್ನು ನಾನು ಪೂರ್ತಿ ಒಪ್ಪಲಾರೆ. ಸೋಮವಾರ ಗಟ್ಟಿ ಎರಕ ಬಂದು ಕೆಲಸ ತಡವಾದರೆ, ಆ ವಾರ ಇನ್ನು ಬೋನಸ್ ಸಿಗುವುದಿಲ್ಲವೆಂದು ಆಪರೇಟರ್ ಶನಿವಾರದವರೆಗೂ ಕೈಬಿಟ್ಟು ಕೂರಬಹುದು. ಪ್ರೋತ್ಸಾಹ ಎಂಬುದು ದುಡಿಮೆಗೆ ಹತ್ತಿರದಲ್ಲಿರಬೇಕು.

ಭದ್ರಾವತಿ_ಕಾಸ್ಟಿಂಗ್

ಆ ಅಪಾಯ ಇದೆ. ದಿನದ ಒಟ್ಟು ಲೆಕ್ಕ ಮಾಡಿದರೆ ಅದು ಕಡಿಮೆಯಾಗುತ್ತದೆ, ಆದರೆ ಎರಡು ದಿನ ಹಿಡಿಯುವ ಕೆಲಸಗಳಲ್ಲಿ ತೊಡಕಾಗುತ್ತದೆ. ಒಂದೇ ಬಗೆಯ ಪೀಸು ಓಡುವ ಮಾಚೇನಹಳ್ಳಿಯವರ ಶೆಡ್ಡಿಗೆ ದಿನದ ಲೆಕ್ಕ ನಡೆಯಬಹುದು.

ಮಾಚೇನಹಳ್ಳಿ_ಲೇತ್

ಎಲ್ಲರಿಗೂ ಧನ್ಯವಾದಗಳು. ಅರ್ಧ ಗಂಟೆ ಎಂಬುದು ರಿಜಿಸ್ಟರಿನ ಸರಾಸರಿಯಾಗಿತ್ತು. ಭದ್ರಾವತಿಯ ಸರ್ ಕೇಳಿದ ಮೇಲೆ ಈ ವಾರ ಆಪರೇಟರ್‌ಗಳಿಗೆ ಮೊದಲೇ ತಿಳಿಸಿ, ಅವರ ಎದುರಿಗೇ ಗಡಿಯಾರ ಹಿಡಿದು ಅಳೆಸಿದೆ. ಎರಕ ಪಕ್ಕದಲ್ಲಿದ್ದು, ಇನ್ಸರ್ಟ್ ಕೈಗೆ ಸಿಗುವಂತಿದ್ದರೆ ಪೀಸು ಹತ್ತಿಸಿ, ಕಡಿದು, ಅಳೆದು, ಇಳಿಸುವುದಕ್ಕೆ ಸರಾಸರಿ 20 ನಿಮಿಷ ಸಾಕಾಗುತ್ತದೆ. ಉಳಿದ ಹತ್ತು ನಿಮಿಷ ಹೋಗುತ್ತಿದ್ದದ್ದು ಮುಖ್ಯವಾಗಿ ಅಂಗಳದಿಂದ ಎರಕ ತರುವ ಹೆಲ್ಪರ್‌ಗಾಗಿ ಕಾಯುವುದರಲ್ಲಿ ಮತ್ತು ಸ್ಟೋರಿನ ಕಿಟಕಿಯ ಮುಂದೆ ಇನ್ಸರ್ಟಿಗಾಗಿ ನಿಲ್ಲುವುದರಲ್ಲಿ. ದಣಿವು, ನೀರು, ಟೂಲು ಬದಲಾವಣೆಗೆಂದು ಶೇಕಡಾ 20 ಸೇರಿಸಿದರೆ 24 ನಿಮಿಷವಾಗುತ್ತದೆ, ದಿನಕ್ಕೆ 20 ಪೀಸು. ಹಾಗಾದರೆ ಬೋನಸ್ 16ರ ಮೇಲೆ ಶುರುವಾಗಬೇಕೋ, 20ರ ಮೇಲೋ?

ತುಂಗಾ_ಆಪರೇಟರ್

ಎರಕ ಹತ್ತಿರ ತಂದಿಡುವ ವ್ಯವಸ್ಥೆ ನೀವು ಮೊದಲು ಮಾಡಿದರೆ 20ರ ಮೇಲೆ ಶುರುಮಾಡಿ, ಯಾರೂ ಬೇಡವೆನ್ನುವುದಿಲ್ಲ. ವ್ಯವಸ್ಥೆ ಹಳೆಯದೇ ಇದ್ದು ಸಮಯ ಮಾತ್ರ 24 ನಿಮಿಷವಾದರೆ ಬೋನಸ್ ಎಂಬುದು ಗೋಡೆಯ ಮೇಲಿನ ನೋಟಿಸಿನಲ್ಲಷ್ಟೇ ಇರುತ್ತದೆ.

ಭದ್ರಾವತಿ_ಕಾಸ್ಟಿಂಗ್

ಇವರು ಹೇಳಿದ್ದೇ ಸರಿಯಾದ ಕ್ರಮ. ಕಾಯುವ ಹತ್ತು ನಿಮಿಷ ಮಾಲೀಕರ ಕೈಯಲ್ಲಿದೆ, ಆಪರೇಟರ್‌ನಿಂದ ಅದನ್ನು ಬೋನಸ್ ಕೊಟ್ಟು ಕೊಳ್ಳಬೇಕಾಗಿಲ್ಲ. ಅದನ್ನು ಸರಿಪಡಿಸಿದರೆ ಬೋನಸ್ ಇಲ್ಲದೆಯೇ ಪೀಸಿನ ಕೂಲಿ 32ಕ್ಕೆ ಬರುತ್ತದೆ. ಆಮೇಲೆ ಆಪರೇಟರ್ 24 ಪೀಸು ಮಾಡಿದರೆ ನಿಗದಿತ ಒಂಬತ್ತು ಗಂಟೆ 36 ನಿಮಿಷದಲ್ಲಿ ಒಂದು ಗಂಟೆ 36 ನಿಮಿಷ ಉಳಿಯುತ್ತದೆ, ಹಾಲ್ಸೆಯಂತೆ 64 ರೂಪಾಯಿ ಸೇರಿ ಅವನಿಗೆ 704, ನಿಮಗೆ ಪೀಸಿಗೆ 29 ರೂಪಾಯಿ 33 ಪೈಸೆ. 24 ನಿಮಿಷವನ್ನು ಒಮ್ಮೆ ಬರೆದು ಹಾಕಿದ ಮೇಲೆ, ಯಂತ್ರ, ಫಿಕ್ಸ್ಚರ್, ಟೂಲು ಅಥವಾ ಎರಕದ ವಿನ್ಯಾಸ ಬದಲಾಗದ ಹೊರತು ಅದನ್ನು ಮುಟ್ಟುವುದಿಲ್ಲವೆಂದು ಅದೇ ಹಾಳೆಯಲ್ಲಿ ಬರೆದು ಸಹಿ ಮಾಡಿ.

ಮಾಚೇನಹಳ್ಳಿ_ಲೇತ್

ಎರಕ ತಂದಿಡಲು ಎರಡು ಟ್ರಾಲಿ ಮಾಡಿಸುತ್ತಿದ್ದೇನೆ. ಮೊದಲು ಒಂದೇ ಲೇತ್‌ನಲ್ಲಿ, ಹಾಲ್ಸೆ ಪದ್ಧತಿಯಂತೆ, ದಿನದ ಲೆಕ್ಕದಲ್ಲಿ ಶುರುಮಾಡುತ್ತೇನೆ. ಆದರೆ ಟ್ರಾಲಿ ತಳ್ಳುವ ಹೆಲ್ಪರ್ ಈಗಲೇ ಬಂದು, ತಾನು ಬೇಗ ತಂದುಕೊಟ್ಟರೆ ತಾನೇ ಅವರಿಗೆ ಸಮಯ ಉಳಿಯುವುದು, ತನಗೇನು ಪಾಲು ಎಂದು ಕೇಳಿದ್ದಾನೆ.

ತುಂಗಾ_ಆಪರೇಟರ್

ಅವನಿಗೂ ಕೊಡಬೇಕು, ಆದರೆ ನಮ್ಮ ಅರ್ಧದಿಂದಲ್ಲ, ನಿಮ್ಮ ಅರ್ಧದಿಂದ.

ವಾಣಿಜ್ಯ_ಸಾಗರ

ಹಾಗಾದರೆ ಅದನ್ನು ಗುಂಪಿನ ಬೋನಸ್ ಎಂದೇ ಮಾಡಿ, ಆಪರೇಟರ್ ಮತ್ತು ಹೆಲ್ಪರ್ ದುಡಿದ ಗಂಟೆಗೂ ಅವರವರ ಕೂಲಿಯ ದರಕ್ಕೂ ತಕ್ಕಂತೆ ಹಂಚುವುದು ಮೇಲು.

ಭದ್ರಾವತಿ_ಕಾಸ್ಟಿಂಗ್

ಒಬ್ಬ ಹೆಲ್ಪರ್ ಮೂರು ಲೇತ್‌ಗಳಿಗೆ ತರುತ್ತಿದ್ದರೆ ಯಾವ ಗುಂಪಿಗೆ ಅವನನ್ನು ಸೇರಿಸುತ್ತೀರಿ ಎಂಬುದೇ ಜಗಳವಾಗುತ್ತದೆ ಮೇಡಂ. ಮೂರೂ ಲೇತ್‌ಗಳ ಬೋನಸ್ಸಿನ ಒಟ್ಟು ಮೊತ್ತದ ಮೇಲೆ ಒಂದು ಸಣ್ಣ ಶೇಕಡಾವನ್ನು ಮಾಲೀಕರ ಪಾಲಿನಿಂದ ಅವನಿಗೆ ಕೊಡುವುದು ನನಗೆ ಸುಲಭವಾಗಿ ಕಾಣುತ್ತದೆ. ಎಷ್ಟು ಶೇಕಡಾ ಎಂಬುದನ್ನು ಒಂದು ಲೇತ್‌ನ ಮೊದಲ ತಿಂಗಳ ಕಾರ್ಡುಗಳು ಕೈಗೆ ಬಂದ ಮೇಲೆ ಕೂತು ನೋಡೋಣ. ಕಾರ್ಡುಗಳನ್ನು ಅಂಕಿ ತಿದ್ದದೆ ಹಾಗೆಯೇ ಇಟ್ಟುಕೊಂಡಿರಿ.